ಒಂದು ಫೋಟೊ, ನಾಲ್ಕು ಆಕಾರ: ಮೊದಲು ಮುಖ ಅಳೆಯಿರಿ, ಆಮೇಲೆ ಕತ್ತರಿಸಿ

ಮುಂಬೈಯ ಯಕ್ಷಗಾನ ಕಲಾವಿದರಿಗೆ ನಾನು ತೆಗೆದುಕೊಡುವುದು ಸಾಮಾನ್ಯವಾಗಿ ಒಂದೇ ಒಂದು ಒಳ್ಳೆಯ ಭಾವಚಿತ್ರ. ಅದು ಹೋಗಬೇಕಾದ ಜಾಗ ಮಾತ್ರ ಹಲವು. ವಾಟ್ಸಾಪ್ ಡಿಪಿಗೆ ವೃತ್ತ. ಇನ್‌ಸ್ಟಾಗ್ರಾಂ ಪೋಸ್ಟಿಗೆ 4:5. ಸ್ಟೋರಿಗೆ ಉದ್ದನೆಯ 9:16. ಯೂಟ್ಯೂಬ್ ಥಂಬ್‌ನೇಲ್‌ಗೆ ಅಡ್ಡ 16:9. ಒಂದೇ ಫೋಟೊವನ್ನು ಎಲ್ಲ ಕಡೆ ಹಾಗೇ ಹಾಕಿದರೆ ಆಯಾ ಆ್ಯಪ್ ತನ್ನ ಅಳತೆಗೆ ತಕ್ಕಂತೆ ಕತ್ತರಿಸುತ್ತದೆ. ಎಷ್ಟೋ ಸಲ ಅದು ಕತ್ತರಿಸುವುದು ಫೋಟೊದ ನಟ್ಟನಡುವೆ ಲೆಕ್ಕ ಹಿಡಿದು. ಆದರೆ ಭಾವಚಿತ್ರದಲ್ಲಿ ಮುಖ ನಟ್ಟನಡುವೆ ಇರುವುದು ಅಪರೂಪ.

ಡೊಂಬಿವಲಿಯ ಒಬ್ಬ ಹವ್ಯಾಸಿ ಕಲಾವಿದರ ಫೋಟೊವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಡಗುತಿಟ್ಟಿನ ಕರ್ಣನ ವೇಷ, ತಲೆ ಮೇಲೆ ದೊಡ್ಡ ಮುಂಡಾಸು. ಮಾಟುಂಗಾದಲ್ಲಿ ಆಟ ಶುರುವಾಗುವ ಮೊದಲು ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕಪ್ಪು ಬಟ್ಟೆ ಕಟ್ಟಿ ತೆಗೆದದ್ದು. ಫೋಟೊ 4000 ಪಿಕ್ಸೆಲ್ ಅಗಲ, 6000 ಎತ್ತರ. ಮೇಲಿನ ಅಂಚಿನಿಂದ ಅಳೆದರೆ ಮುಂಡಾಸಿನ ತುದಿ 900ರಲ್ಲಿ, ಹಣೆ 1900ರಲ್ಲಿ, ಕಣ್ಣು 2300ರಲ್ಲಿ, ಗಲ್ಲ 2900ರಲ್ಲಿ ಬರುತ್ತದೆ. ಮುಖದ ನಡುಗೆರೆ ಎಡ ಅಂಚಿನಿಂದ 2200ರಲ್ಲಿದೆ, ಅಂದರೆ ಫೋಟೊದ ನಡುವಿನಿಂದ ಸ್ವಲ್ಪ ಬಲಕ್ಕೆ. ಭುಜಕೀರ್ತಿಗಳು ಅಡ್ಡಕ್ಕೆ 900ರಿಂದ 3500ರವರೆಗೆ ಹರಡಿವೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಉಳಿದ ಕೆಲಸ ಸಲೀಸು. ಸಾದಾ ಫೋಟೊ ಆದರೂ ಅಷ್ಟೇ: ತಲೆಯ ತುದಿ, ಕಣ್ಣು, ಗಲ್ಲ, ಭುಜ.

ಇದೇ ಫೋಟೊವನ್ನು ನಡುವಿನಿಂದ ಚೌಕವಾಗಿ ಕತ್ತರಿಸಿದರೆ ಏನಾಗುತ್ತದೆ ನೋಡಿ. ಮೇಲಿನಿಂದ 1000, ಕೆಳಗಿನಿಂದ 1000 ಹೋಗುತ್ತದೆ. ಮುಂಡಾಸು 900ರಲ್ಲಿ ಶುರುವಾಗುವುದರಿಂದ ಅದರ ತುದಿಯ 100 ಪಿಕ್ಸೆಲ್ ಮಾತ್ರ ಕತ್ತರಿಸಿಹೋಗುತ್ತದೆ. ಕತ್ತರಿಸುವುದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದೇ. ಅಂಚನ್ನು ಹೀಗೆ ಚೂರೇ ಚೂರು ಸವರಿದರೆ ನೋಡುವವರಿಗೆ ಅದು ಅಚಾತುರ್ಯ ಅಂತಲೇ ಕಾಣುತ್ತದೆ. ಪೂರ್ತಿ ಉಳಿಸಿ, ಸುತ್ತ ಗಾಳಿಯಾಡಲು ಜಾಗ ಬಿಡಿ. ಇಲ್ಲದಿದ್ದರೆ ಧೈರ್ಯವಾಗಿ ಒಳಗೆ ಬಂದು ಕತ್ತರಿಸಿ. ಇವೆರಡರ ನಡುವೆ ನಿಲ್ಲಬೇಡಿ. ಮಂಡಿ, ಮಣಿಕಟ್ಟು, ಬೆರಳ ತುದಿಗೂ ಇದೇ ಮಾತು.

ಇನ್‌ಸ್ಟಾಗ್ರಾಂ ಪೋಸ್ಟಿಗೆ ನಾನು ಮುಂಡಾಸನ್ನು ಪೂರ್ತಿ ಉಳಿಸಿದೆ. 3200 ಅಗಲ, 4000 ಎತ್ತರದ ಚೌಕಟ್ಟು. ಅಗಲವನ್ನು ಮುಖದ ನಡುಗೆರೆಯಿಂದ ಎರಡೂ ಕಡೆ ಸಮವಾಗಿ ಹಿಡಿದೆ, ಅಂದರೆ 600ರಿಂದ 3800ರವರೆಗೆ. ಮೇಲಿನ ಅಂಚು 600ರಲ್ಲಿ. ಮುಂಡಾಸಿನ ಮೇಲೆ 300 ಪಿಕ್ಸೆಲ್ ಜಾಗ ಉಳಿಯಿತು, ಕಣ್ಣು ಮೇಲಿನಿಂದ ನೂರಕ್ಕೆ 42ರಷ್ಟು ಕೆಳಗೆ ಬಂತು. ಮೂರನೇ ಒಂದು ಭಾಗದಲ್ಲೇ ಕಣ್ಣು ಇರಬೇಕು ಅಂತ ಹೇಳುವವರಿದ್ದಾರೆ. ತಲೆ ಮೇಲೆ ಇಷ್ಟು ಎತ್ತರದ ಮುಂಡಾಸು ಇದ್ದಾಗ ಹಾಗೆ ಮಾಡಿದರೆ ಮುಂಡಾಸು ಅಂಚಿಗೆ ಬಡಿಯುತ್ತದೆ. ವೇಷ ನೋಡಿ ನಿರ್ಧರಿಸಬೇಕು.

ಇಲ್ಲಿ ಇನ್ನೊಂದು ವಿಷಯ ಉಂಟು. 2025ರಿಂದ ಪ್ರೊಫೈಲ್ ಪುಟದಲ್ಲಿ ಪೋಸ್ಟುಗಳು 3:4 ಆಕಾರದಲ್ಲಿ ಕಾಣುತ್ತವೆ. 4:5 ಫೋಟೊದ ಎಡಬಲ ಅಲ್ಲಿ ತುಸು ಮರೆಯಾಗುತ್ತದೆ. ನಮ್ಮ ಚೌಕಟ್ಟಿನಲ್ಲಿ ಒಂದೊಂದು ಕಡೆ 100 ಪಿಕ್ಸೆಲ್ ಹೋಗುತ್ತದೆ. ಭುಜಕೀರ್ತಿಯ ಆಚೆ 300 ಬಿಟ್ಟಿದ್ದರಿಂದ ತೊಂದರೆ ಇಲ್ಲ. ಚೌಕದ ಪೋಸ್ಟ್ ಹಾಕಿದವರಿಗೆ ಪೆಟ್ಟು ಜಾಸ್ತಿ. ಒಂದೊಂದು ಕಡೆ ಎಂಟನೇ ಒಂದು ಭಾಗವೇ ಹೋಗುತ್ತದೆ. ಹೆಸರು, ದಿನಾಂಕ ಅಂಚಿನಲ್ಲಿ ಬರೆದಿದ್ದರೆ ಅರ್ಧಕ್ಕೆ ತುಂಡಾಗುತ್ತದೆ.

ಡಿಪಿಯ ವೃತ್ತ ಬಂದಾಗ ಕಲಾವಿದರಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಮುಂಡಾಸು ಪೂರ್ತಿ ಹಿಡಿಯಬೇಕಾದರೆ ಸುಮಾರು 2600 ಪಿಕ್ಸೆಲ್‌ನ ಚೌಕ ಬೇಕು. ಅದರಲ್ಲಿ ಮುಖ ಅರ್ಧದಷ್ಟೂ ಇರುವುದಿಲ್ಲ. ವಾಟ್ಸಾಪ್ ಪಟ್ಟಿಯಲ್ಲಿ ಆ ವೃತ್ತ ಉಗುರಿನಷ್ಟು ಕಾಣುವಾಗ ಮುಖ ಯಾರದೆಂದೇ ತಿಳಿಯುವುದಿಲ್ಲ.

“ಮುಂಡಾಸು ಕತ್ತರಿಸ್ತೀರಾ? ಅದನ್ನು ಕಟ್ಟೋದು ಎಷ್ಟು ಕಷ್ಟ ಗೊತ್ತುಂಟಾ ಮಾರಾಯ್ರೆ?” ಅಂತ ಕೇಳಿದರು.

“ಪೋಸ್ಟಿನಲ್ಲಿ ಅದು ಪೂರ್ತಿ ಇದೆ, ಇಲ್ಲಿ ನಿಮ್ಮ ಕಣ್ಣು ಕಾಣಲಿ” ಅಂದೆ. ಎರಡನ್ನೂ ಫೋನಿನಲ್ಲಿ ಹಾಕಿ ತೋರಿಸಿದ ಮೇಲೆ ಅವರು ಒಪ್ಪಿದರು.

1800ರ ಚೌಕ ಹಿಡಿದೆ. ಮೇಲಿನ ಅಂಚು 1500ರಲ್ಲಿ, ಅಂದರೆ ಮುಂಡಾಸಿನ ಅರ್ಧಕ್ಕಿಂತ ಜಾಸ್ತಿ ಹೋಯಿತು. ಅದಕ್ಕೇ ಅದು ಬೇಕೆಂದೇ ಮಾಡಿದ್ದು ಅಂತ ಕಾಣುತ್ತದೆ. ಕಣ್ಣು ವೃತ್ತದ ನಡುವಿಗಿಂತ ಸ್ವಲ್ಪ ಮೇಲೆ ಬಂತು, ಗಲ್ಲದ ಕೆಳಗೆ 400 ಪಿಕ್ಸೆಲ್ ಉಳಿಯಿತು. ತಲೆಯ ಮೇಲ್ಭಾಗ ಕತ್ತರಿಸಬಹುದು, ಗಲ್ಲವನ್ನು ಮಾತ್ರ ಮುಟ್ಟಬೇಡಿ. ವೃತ್ತದಲ್ಲಿ ಮೂಲೆಗಳು ಹೋಗುವುದರಿಂದ ಚೌಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ ಮರೆಯಾಗುತ್ತದೆ. ಹಾಗಂತ ಮೂಲೆಯಲ್ಲಿ ಏನಿದ್ದರೂ ಸರಿ ಅಂದುಕೊಳ್ಳಬೇಡಿ. ಡಿಪಿಯನ್ನು ಒತ್ತಿ ತೆರೆದರೆ ಪೂರ್ತಿ ಚೌಕ ಕಾಣುತ್ತದೆ.

ಸ್ಟೋರಿಯದು ಸುಲಭ. ಫೋಟೊದ ಎತ್ತರ ಪೂರ್ತಿ ಬಳಸಿ, ಮುಖದ ನಡುಗೆರೆಯ ಎರಡೂ ಬದಿ ಸಮವಾಗಿ 3375 ಅಗಲ ತೆಗೆದುಕೊಂಡರೆ ಸಾಕು. ಮೇಲ್ಗಡೆ ಖಾತೆಯ ಹೆಸರು ಬರುವ ಪಟ್ಟಿಗೆ ಸ್ಟೋರಿಯ 1920 ಪಿಕ್ಸೆಲ್ ಎತ್ತರದಲ್ಲಿ ಸುಮಾರು 250 ಪಿಕ್ಸೆಲ್ ಬಿಡಬೇಕು. ಆ ಅಳತೆಗೆ ಇಳಿಸಿದಾಗ ನಮ್ಮ ಮುಂಡಾಸು 288ರಲ್ಲಿ ಶುರುವಾಗುತ್ತದೆ, ಪಾರಾಯಿತು. ಆದರೆ ಇದನ್ನು ಮೂಲ ಫೋಟೊದಿಂದಲೇ ಮಾಡಿ. 4:5ಕ್ಕೆ ಕತ್ತರಿಸಿದ್ದರಿಂದ ಮತ್ತೆ ಕತ್ತರಿಸಿದರೆ ಮುಂಡಾಸಿನ ಮೇಲಿನ ಜಾಗ ಆಗಲೇ ಹೋಗಿರುತ್ತದೆ.

ಕಷ್ಟ ಇರುವುದು ಥಂಬ್‌ನೇಲ್‌ನಲ್ಲಿ. ಉದ್ದನೆಯ ಫೋಟೊದಿಂದ 16:9 ತೆಗೆದರೆ 4000 ಅಗಲಕ್ಕೆ ಸಿಗುವ ಎತ್ತರ 2250 ಮಾತ್ರ. ಮುಂಡಾಸಿನ ತುದಿಯಿಂದ ಗಲ್ಲದವರೆಗೇ 2000 ಇದೆ. ಹೇಗೋ ತುರುಕಬಹುದು, ಆದರೆ ಭುಜ ಇಲ್ಲದೆ ತಲೆ ಮಾತ್ರ ತೇಲಿದ ಹಾಗೆ ಕಾಣುತ್ತದೆ. ಇಲ್ಲಿ ಕತ್ತರಿಸುವ ಬದಲು ಹಿನ್ನೆಲೆಯನ್ನು ಅಗಲ ಮಾಡುವುದು ನನ್ನ ದಾರಿ. 700ರಿಂದ 3940ರವರೆಗೆ, ಅಂದರೆ ಭುಜಕೀರ್ತಿ ಸೇರುವಂತೆ 3240 ಎತ್ತರ ತೆಗೆದುಕೊಂಡೆ. ಅದಕ್ಕೆ 5760 ಅಗಲ ಬೇಕು. ಕಡಿಮೆ ಬಿದ್ದ 1760 ಪಿಕ್ಸೆಲ್ ಕಪ್ಪನ್ನು ಪೂರ್ತಿ ಎಡಕ್ಕೇ ಸೇರಿಸಿದೆ. ಕಾರಣ, ಅವರು ಎಡಕ್ಕೆ ನೋಡುತ್ತಿದ್ದಾರೆ. ನೋಟದ ಮುಂದೆ ಜಾಗ ಇದ್ದರೆ ಮುಖಕ್ಕೆ ಉಸಿರು ಬರುತ್ತದೆ, ಪ್ರಸಂಗದ ಹೆಸರು ಬರೆಯಲೂ ಅಲ್ಲೇ ಸ್ಥಳ ಸಿಗುತ್ತದೆ. ಯೂಟ್ಯೂಬ್ ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ಹಾಕುತ್ತದೆ. ಆ ಚಿಕ್ಕ ಪಟ್ಟಿ ಮುಖದಿಂದ ದೂರ ಬೀಳುತ್ತದೆ, ಅಷ್ಟರಿಂದ ತೊಂದರೆ ಇಲ್ಲ.

ಕಪ್ಪು ಬಟ್ಟೆ ಫೋಟೊದಲ್ಲಿ ಅಪ್ಪಟ ಕಪ್ಪಾಗಿರುವುದಿಲ್ಲ ಅನ್ನುವುದು ನೆನಪಿರಲಿ. ಅದರ ಮೇಲೆ ಸ್ವಲ್ಪ ಬೆಳಕು ಬಿದ್ದಿರುತ್ತದೆ, ಸಣ್ಣ ಕಾಳುಗಳೂ ಇರುತ್ತವೆ. ಸುಮ್ನೆ ಕಪ್ಪು ಬಣ್ಣ ತುಂಬಿದರೆ ಸೇರಿದ ಕಡೆ ಗೆರೆ ಮೂಡುತ್ತದೆ. ಕಂಪ್ಯೂಟರ್ ಪರದೆ ಮಂಕಾಗಿದ್ದರೆ ನಮಗೆ ಕಾಣುವುದಿಲ್ಲ, ಬಿಸಿಲಲ್ಲಿ ಫೋನಿನ ಬೆಳಕು ಏರಿಸಿ ನೋಡಿದವರಿಗೆ ಕಾಣುತ್ತದೆ. ಆದ್ದರಿಂದ ಬಣ್ಣವನ್ನು ಫೋಟೊದ ಎಡ ಅಂಚಿನಿಂದಲೇ ಎತ್ತಿಕೊಳ್ಳಿ. ಸೇರುವ ಜಾಗವನ್ನು ಮೃದುವಾದ ಬ್ರಷ್‌ನಿಂದ ಬೆರೆಸಿ, ಮೇಲೆ ಚೂರು ನಾಯ್ಸ್, ಅಂದರೆ ಅಂಥದೇ ಸಣ್ಣ ಕಾಳು ಹಾಕಿ. ಆಮೇಲೆ ಎಕ್ಸ್‌ಪೋಷರನ್ನು ತಾತ್ಕಾಲಿಕವಾಗಿ ಮೂರು ಸ್ಟಾಪ್ ಏರಿಸಿ ನೋಡಿ. ಗೆರೆ ಇದ್ದರೆ ಆಗ ಎದ್ದು ಕಾಣುತ್ತದೆ. ಅದನ್ನು ಸರಿಮಾಡಿ ಎಕ್ಸ್‌ಪೋಷರನ್ನು ಮೊದಲಿನ ಮಟ್ಟಕ್ಕೆ ತಂದು, 1280x720 ಅಳತೆಯಲ್ಲಿ ಉಳಿಸಿ. ಹಿನ್ನೆಲೆಯಲ್ಲಿ ಪರದೆಯ ಚಿತ್ತಾರವೋ ಜನರೋ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಥ ಜಾಗದಲ್ಲಿ ಕ್ಯಾಮರಾವನ್ನು ಅಡ್ಡ ಹಿಡಿದು ಇನ್ನೊಂದು ಫೋಟೊವನ್ನು ಆಗಲೇ ತೆಗೆದಿಟ್ಟುಕೊಳ್ಳಿ, ವೇಷ ಕಳಚಿದ ಮೇಲೆ ಮತ್ತೆ ಕೇಳಲು ಆಗುವುದಿಲ್ಲ.