ಕಡಂಬುಟ್ಟಿನ ಬಿರುಕೇ ಶೀರ್ಷಿಕೆ

ಕೊಡಗಿನ ಮನೆ ಅಡುಗೆಯ ವಿಡಿಯೊಗಳಲ್ಲಿ ಹಲವುಗಳ ಶೀರ್ಷಿಕೆ ಹೆಚ್ಚುಕಮ್ಮಿ ಹೀಗಿರುತ್ತದೆ: ‘ಕೊಡಗಿನ ಸಾಂಪ್ರದಾಯಿಕ ಶೈಲಿಯ ರುಚಿಕರ ಕಡಂಬುಟ್ಟು ಮಾಡುವ ಸುಲಭ ವಿಧಾನ’. ಓದಲು ತಪ್ಪೇನೂ ಇಲ್ಲ. ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟನ್ನು ತೆಗೆದು ಅಲ್ಲಿ ನೂಪುಟ್ಟು ಇಟ್ಟರೂ, ಪಾಪುಟ್ಟು ಇಟ್ಟರೂ ವಾಕ್ಯ ಹಾಗೇ ನಿಲ್ಲುತ್ತದೆ. ತೊಂದರೆ ಇರುವುದೇ ಅಲ್ಲಿ. ಯಾವ ಅಡುಗೆಗಾದರೂ ಹೊಂದುವ ಶೀರ್ಷಿಕೆ ಈ ಅಡುಗೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಇನ್ನೊಂದು ಲೆಕ್ಕವಿದೆ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇಟ್ಟಿದೆ. ಆದರೆ ಅದು ಎಣಿಸುವ ಅಕ್ಷರ ನಮ್ಮ ಅಕ್ಷರವಲ್ಲ. ‘ಟ್ಟು’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ನಾಲ್ಕು: ಟ, ಹಲಂತ, ಮತ್ತೊಂದು ಟ, ಕೊಂಬು. ಹೀಗಾಗಿ ‘ಕಡಂಬುಟ್ಟು’ ನಮ್ಮ ಬಾಯಲ್ಲಿ ನಾಲ್ಕೇ ಅಕ್ಷರವಾದರೂ ಅಲ್ಲಿ ಒಂಬತ್ತು ಜಾಗ ತಿನ್ನುತ್ತದೆ. ಮೇಲಿನ ಶೀರ್ಷಿಕೆಯಲ್ಲಿ ಅಡುಗೆಯ ಹೆಸರು ಬರುವ ಹೊತ್ತಿಗೆ 32 ಜಾಗ ಖರ್ಚಾಗಿರುತ್ತದೆ. ಮೊಬೈಲಿನಲ್ಲಿ ವಿಡಿಯೊಗಳ ಸಾಲು ಸರಿಸುವಾಗ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ, ಕನ್ನಡ ಲಿಪಿ ಅಗಲವಾದ್ದರಿಂದ ಇನ್ನೂ ಬೇಗ. ‘ಸಾಂಪ್ರದಾಯಿಕ’, ‘ರುಚಿಕರ’ ಉಳಿದುಕೊಂಡು, ತಿಳಿಯಬೇಕಾದ್ದು ಚುಕ್ಕಿಗಳ ಹಿಂದೆ ಮರೆಯಾಗುತ್ತದೆ. ಅಡುಗೆಯ ಹೆಸರು ಮೊದಲ ಪದವಾಗಿರಲಿ.

ಹೆಸರಾದ ಮೇಲೆ ಏನು? ಆ ಅಡುಗೆ ಎಲ್ಲಿ ಕೆಡುತ್ತದೋ ಅದು. ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ ಕಡಂಬುಟ್ಟು ಹುಡುಕುವವರಲ್ಲಿ ಬಹಳ ಮಂದಿಗೆ ಅದು ಏನೆಂದು ಚೆನ್ನಾಗಿಯೇ ಗೊತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮೊದಲ ಸಲ ಒಲೆಗಿಟ್ಟ ಮಗಳಿಗೆ, ಮದುವೆಯಾಗಿ ಬಂದ ಹೊರಗಿನ ಸೊಸೆಗೆ ಬೇಕಿರುವುದು ಅದರ ಇತಿಹಾಸವಲ್ಲ. ‘ನಾನು ಮಾಡಿದ್ದು ಯಾಕೆ ಒಡೆಯಿತು’ ಎಂಬುದಕ್ಕೆ ಉತ್ತರ ಬೇಕು. ಶೀರ್ಷಿಕೆಯನ್ನು ಅಲ್ಲಿಂದ ಎತ್ತಬೇಕು. ಹಾಗಾಗಿ ಶೀರ್ಷಿಕೆ ಬರೆಯುವ ಮೊದಲು ಅಡುಗೆಯನ್ನು ಕೆಡುವ ಕಡೆಯಿಂದ ಒಮ್ಮೆ ನೋಡಿ.

ಕಡಂಬುಟ್ಟು ಮಾಡುವ ವಿಧಾನ ಚಿಕ್ಕದು. ಅಕ್ಕಿಯನ್ನು ತೊಳೆದು ಒಣಗಿಸಿ ರವೆಯಂತೆ ಒಡೆದ ತರಿ ಒಂದು ಲೋಟ, ನೀರು ಎರಡು ಲೋಟ, ಉಪ್ಪು, ಬೇಕಿದ್ದರೆ ಒಂದೆರಡು ಏಲಕ್ಕಿ, ಒಂದು ಹಿಡಿ ತೆಂಗಿನತುರಿ. ನೀರು ಕುದಿ ಬಂದಾಗ ತರಿ ಸುರಿದು ಕೈಯಾಡಿಸಿ, ಉರಿ ತಗ್ಗಿಸಿ ಮುಚ್ಚಿಟ್ಟರೆ ನೀರು ಹೀರಿಕೊಂಡು ಗಟ್ಟಿಯಾಗುತ್ತದೆ. ಒದ್ದೆ ಕೈಯಲ್ಲಿ ನಾದಿ, ನಿಂಬೆಗಿಂತ ತುಸು ದೊಡ್ಡ ಉಂಡೆ ಕಟ್ಟಿ, ಹಬೆಯಲ್ಲಿ 20ರಿಂದ 25 ನಿಮಿಷ ಬೇಯಿಸುವುದು. ಇದು ಕೆಡುವ ಬಗೆ ಮೂರು. ತರಿಯ ಬದಲು ನುಣ್ಣನೆಯ ಹಿಟ್ಟು ಹಾಕಿದರೆ ಅಂಟಂಟಾಗಿ ಹಲ್ಲಿಗೆ ಮೆತ್ತುತ್ತದೆ. ನೀರು ಕಡಿಮೆಯಾದರೆ ಒಳಗೆ ತರಿ ಹಸಿಯಾಗಿ ಉಳಿದು ಮರಳಿನಂತೆ ಸಿಗುತ್ತದೆ. ಮೂರನೆಯದು ಬಿರುಕು. ತರಿ, ನೀರು ಎರಡೂ ಸರಿಯಿದ್ದರೂ ಇದು ಬರಬಹುದು. ಬೆಂದ ತರಿ ಆರಿದಂತೆ ಬಿಗಿಯಾಗುತ್ತದೆ, ಮೇಲ್ಮೈ ಒಣಗುತ್ತದೆ. ಆಮೇಲೆ ಎಷ್ಟು ಒತ್ತಿ ಕಟ್ಟಿದರೂ ಕಾಳಿಗೆ ಕಾಳು ಸರಿಯಾಗಿ ಹತ್ತುವುದಿಲ್ಲ, ಹಬೆಯಲ್ಲಿ ಉಂಡೆ ಉಬ್ಬುವಾಗ ಸಡಿಲವಿದ್ದಲ್ಲಿ ಬಾಯಿ ಬಿಡುತ್ತದೆ.

ಈ ಮೂರರಲ್ಲಿ ಒಂದನ್ನೇ ಆರಿಸಿ. ಮೂರನ್ನೂ ಒಂದೇ ಶೀರ್ಷಿಕೆಗೆ ತುರುಕಿದರೆ ಅದು ಔಷಧಿ ಅಂಗಡಿಯ ಬೋರ್ಡಿನಂತಾಗುತ್ತದೆ. ವಿಡಿಯೊಗೆ ಬಿರುಕು ಒಳ್ಳೆಯದು, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಅಂಟು ಬಾಯಿಗಷ್ಟೇ ಗೊತ್ತಾಗುವುದು, ಹಸಿತನ ಮುರಿದ ಮೇಲೆ ಕಾಣುವುದು. ಬಿರುಕು ಮಾತ್ರ ತಟ್ಟೆಯಲ್ಲಿಟ್ಟ ಕೂಡಲೇ ಕಾಣುತ್ತದೆ. ಆಗ ಶೀರ್ಷಿಕೆ ಹೀಗೆ:

‘ಕಡಂಬುಟ್ಟು ಬಿರುಕು ಬಿಡದಂತೆ ಕಟ್ಟುವುದು ಹೇಗೆ | Kadambuttu’

ಯಂತ್ರದ ಲೆಕ್ಕದಲ್ಲಿ 52 ಜಾಗ. ಕೊನೆಗಿರುವ ಇಂಗ್ಲಿಷ್ ಲಿಪಿಯ ಹೆಸರು ಅಲಂಕಾರಕ್ಕಲ್ಲ. ಕನ್ನಡ ಮಾತಾಡುವವರಲ್ಲೇ ಅನೇಕರು ಫೋನಿನಲ್ಲಿ ಹುಡುಕುವಾಗ ಇಂಗ್ಲಿಷ್ ಕೀಲಿಗಳಲ್ಲೇ ಟೈಪ್ ಮಾಡುತ್ತಾರೆ. ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ, ಎಲ್ಲವನ್ನೂ ಶೀರ್ಷಿಕೆಯಲ್ಲಿ ಸುರಿಯಬೇಡಿ. ಒಂದು ಸಾಕು, ಉಳಿದದ್ದು ವಿವರಣೆಯ ಮೊದಲ ಸಾಲಿನಲ್ಲಿ ಸಹಜವಾಗಿ ಬರಲಿ. ‘ಕಡುಬು’ ಎಂದು ಬರೆದರೆ ಹೆಚ್ಚು ಜನ ಸಿಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತಾರೆ, ಆದರೆ ಅವರಲ್ಲಿ ಕರಿಗಡುಬು ಬೇಕಾದವರಿದ್ದಾರೆ, ಕೊಟ್ಟೆ ಕಡುಬು ಬೇಕಾದವರಿದ್ದಾರೆ. ಬಂದು ನೋಡಿ ಹತ್ತು ಸೆಕೆಂಡಿಗೆ ಹೊರಟುಹೋಗುವ ಜನರಿಂದ ವಿಡಿಯೊಗೆ ಲಾಭವಿಲ್ಲ. ನೂಪುಟ್ಟು, ಬೈಂಬಳೆ ಕರಿ ಇವುಗಳಿಗೆ ಮಾತ್ರ ಕನ್ನಡದ ಜೋಡಿ ಹೆಸರು ಕೊಡುವುದು ಒಳ್ಳೆಯದು. ಒತ್ತು ಶಾವಿಗೆ ಎಂದರೆ, ಕಳಲೆ ಎಂದರೆ ಬೇರೆ ಪದಾರ್ಥದ ಗೊಂದಲ ಬರುವುದಿಲ್ಲ.

ಇನ್ನು ಮೊದಲ ಮಾತು, ಅಂದರೆ ಹುಕ್. ಶೀರ್ಷಿಕೆ ಯಾವ ಮಾತು ಕೊಟ್ಟಿದೆಯೋ ಅದು ಮೊದಲ ಹತ್ತು-ಹದಿನೈದು ಸೆಕೆಂಡಿನಲ್ಲಿ ಕಣ್ಣಿಗೆ ಬೀಳಬೇಕು. ‘ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ, ಇವತ್ತು ನಾವು’ ಎಂದು ಶುರುಮಾಡಿದರೆ ಆ ಸಮಯ ಪೂರ್ತಿ ಹೋಯಿತು. ನಮಸ್ಕಾರ ಹೇಳಬಾರದು ಎಂದಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಮಾತಾಡಿಸದೆ ಕೆಲಸ ಶುರುಮಾಡುವುದು ಮರ್ಯಾದೆಯಲ್ಲ, ನಿಜ. ಆದರೆ ಇಲ್ಲಿ ಬಂದವರು ಬಾಗಿಲಲ್ಲೇ ನಿಂತಿರುತ್ತಾರೆ, ಒಳಗೆ ಏನಿದೆ ಎಂದು ಇಣುಕುತ್ತಿರುತ್ತಾರೆ. ತೋರಿಸಿ, ಆಮೇಲೆ ನಮಸ್ಕಾರ ಹೇಳಿ.

ಸಾವಧಾನವಾಗಿ ಮಾತಾಡಿದರೆ ಹದಿನೈದು ಸೆಕೆಂಡಿನಲ್ಲಿ ಕನ್ನಡದ ಇಪ್ಪತ್ತೈದು ಪದ ಹಿಡಿಯುತ್ತದೆ. ಅಷ್ಟರಲ್ಲೇ ಬರೆಯಿರಿ. ತಟ್ಟೆಯಲ್ಲಿ ಎರಡು ಕಡಂಬುಟ್ಟು, ಎಡಗಡೆಯದು ಬಿರುಕು ಬಿಟ್ಟಿದ್ದು, ಬಲಗಡೆಯದು ನುಣುಪಾದದ್ದು. ಮುಖ ಬೇಡ, ಕೈ ಮತ್ತು ತಟ್ಟೆ ಮಾತ್ರ. ಮಾತು ಹೀಗಿರಲಿ:

‘ಈ ಎರಡಕ್ಕೂ ಒಂದೇ ತರಿ, ಒಂದೇ ಅಳತೆ ನೀರು. ಇದು ಬಿರುಕು ಬಿಟ್ಟಿದೆ, ಇದು ಬಿಟ್ಟಿಲ್ಲ. ಉಂಡೆ ಕಟ್ಟುವಾಗ ಹಿಟ್ಟು ಎಷ್ಟು ಬಿಸಿ ಇತ್ತು ಅನ್ನೋದೇ ವ್ಯತ್ಯಾಸ.’

ಉತ್ತರವನ್ನು ಮೊದಲೇ ಕೊಟ್ಟುಬಿಟ್ಟರೆ ಜನ ಯಾಕೆ ಕೂರುತ್ತಾರೆ ಎಂಬ ಭಯ ಸಾಮಾನ್ಯ. ಅದಕ್ಕಾಗಿಯೇ ‘ಈ ಒಂದು ರಹಸ್ಯ ಕೊನೆಯಲ್ಲಿ ಹೇಳುತ್ತೇನೆ’ ಎನ್ನುವ ಅಭ್ಯಾಸ ಬಂದಿದೆ. ಅಡುಗೆಯಲ್ಲಿ ಇದು ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಉತ್ತರ ಗೊತ್ತಾದರೂ ಕೈಗೆ ಬರುವುದಿಲ್ಲ. ‘ಬಿಸಿಯಿರುವಾಗ ಕಟ್ಟಬೇಕು’ ಎಂದ ತಕ್ಷಣ ಮುಂದಿನ ಪ್ರಶ್ನೆ ಏಳುತ್ತದೆ: ಎಷ್ಟು ಬಿಸಿ? ಕೈ ಸುಡುವುದಿಲ್ಲವೇ? ಹತ್ತು ಉಂಡೆ ಕಟ್ಟುವಷ್ಟರಲ್ಲಿ ಉಳಿದದ್ದು ಆರುವುದಿಲ್ಲವೇ? ಅದನ್ನು ತೋರಿಸಲು ನಿಮ್ಮ ವಿಡಿಯೊದ ಉಳಿದ ಭಾಗವಿದೆ: ಬಟ್ಟಲಲ್ಲಿ ತಣ್ಣೀರು ಪಕ್ಕದಲ್ಲಿಟ್ಟುಕೊಳ್ಳುವುದು, ಪ್ರತಿ ಉಂಡೆಗೂ ಅಂಗೈ ಒದ್ದೆ ಮಾಡುವುದು, ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚುವುದು.

ಥಂಬ್‌ನೇಲ್‌ನಲ್ಲಿ ಶೀರ್ಷಿಕೆಯನ್ನೇ ಮತ್ತೆ ಬರೆಯುವುದು ವ್ಯರ್ಥ. ಅದೇ ಎರಡು ಉಂಡೆ ಸಾಕು.

ಶೀರ್ಷಿಕೆಯಲ್ಲಿ ಕೆಲವು ಮಾತು ಹಾಕಲೇಬಾರದು, ನಮ್ಮ ಅಡುಗೆಯಲ್ಲಿ ವಿಶೇಷವಾಗಿ ಎರಡು. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಪಾಯಸದ ವಿಡಿಯೊಗಳು ‘18 ರೋಗಕ್ಕೆ ರಾಮಬಾಣ’ ಎಂದು ಬರುತ್ತವೆ. ಆ ದಿನ ಮದ್ದುತೊಪ್ಪು ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ಕೊಡಗಿನ ನಂಬಿಕೆ. ಅದನ್ನು ನಂಬಿಕೆಯಾಗಿಯೇ ಹೇಳಬೇಕು, ಚಿಕಿತ್ಸೆಯಾಗಿ ಅಲ್ಲ. ಎಲೆ ದಂಟು ಕುದಿಸಿದ ನೀರು ಕಡುನೇರಳೆಗೆ ತಿರುಗುವ ದೃಶ್ಯವೊಂದೇ ಹುಕ್‌ಗೆ ಧಾರಾಳವಾಯಿತು. ಎರಡನೆಯದು ಬೈಂಬಳೆಗೆ ‘ಹತ್ತೇ ನಿಮಿಷದಲ್ಲಿ’ ಎನ್ನುವುದು. ಹಸಿ ಕಳಲೆಯಲ್ಲಿ ಕಹಿಯ ಜೊತೆ ಸಯನೈಡ್ ಬಿಡುವ ಅಂಶವೂ ಇರುತ್ತದೆ. ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಿಸಿ, ಚೆನ್ನಾಗಿ ಬೇಯಿಸಿಯೇ ಉಣ್ಣುವ ಪದಾರ್ಥ ಅದು. ಅವಸರದ ಶೀರ್ಷಿಕೆ ನಂಬಿ ಯಾರೋ ನೆನೆಸುವುದನ್ನೇ ಬಿಟ್ಟರೆ? ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿ ಸಿಗದೆ ವಿನೆಗರ್ ಹಾಕಿದ್ದರೆ ಅದನ್ನೂ ಶೀರ್ಷಿಕೆಯಲ್ಲೇ ಹೇಳಿಬಿಡಿ. ‘ಕಾಚಂಪುಳಿ ಇಲ್ಲದೆ ಪಂದಿ ಕರಿ’ ಎಂಬುದಕ್ಕೆ ಬೇರೆಯೇ ಪ್ರೇಕ್ಷಕರಿದ್ದಾರೆ. ‘ಅಪ್ಪಟ’ ಎಂದು ಬರೆದು ವಿನೆಗರ್ ಬಾಟಲಿ ತೋರಿಸಿದರೆ ಕಾಮೆಂಟಿನಲ್ಲಿ ಏನಾಗುತ್ತದೆಂದು ಕೊಡಗಿನವರಿಗೆ ಹೇಳಬೇಕಿಲ್ಲ.

ಹಾಕಿದ ಮೇಲೆ ಎರಡು ಸಂಖ್ಯೆಗಳನ್ನು ಜೋಡಿಯಾಗಿ ನೋಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ Impressions click-through rate ಎಂಬುದು, ವಿಡಿಯೊ ಕಣ್ಣಿಗೆ ಬಿದ್ದವರಲ್ಲಿ ಎಷ್ಟು ಪಾಲು ಒತ್ತಿದರು ಎನ್ನುತ್ತದೆ. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳಿಗೆ ಇದು ಶೇ 2ರಿಂದ 10ರೊಳಗೆ ಇರುತ್ತದೆ. ನೋಟ ನೂರೂ ದಾಟದಿದ್ದರೆ ಈ ಅಂಕಿ ಹುಚ್ಚಾಪಟ್ಟೆ ಏರಿಳಿಯುತ್ತದೆ, ಅದನ್ನು ನೋಡಿ ಅವತ್ತೇ ಶೀರ್ಷಿಕೆ ಬದಲಿಸಲು ಹೋಗಬೇಡಿ. ಇನ್ನೊಂದು, 30ನೇ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದು. ಒತ್ತಿದವರು ಹೆಚ್ಚು, ಉಳಿದವರು ಕಡಿಮೆ ಎಂದರೆ ಶೀರ್ಷಿಕೆ ಕೊಟ್ಟ ಮಾತನ್ನು ಮೊದಲ ದೃಶ್ಯ ಉಳಿಸಿಕೊಂಡಿಲ್ಲ. ಒತ್ತಿದವರು ಕಡಿಮೆ, ಬಂದವರು ಮಾತ್ರ ಕೂತು ನೋಡಿದ್ದಾರೆ ಎಂದರೆ ವಿಡಿಯೊ ಸರಿಯಿದೆ, ಶೀರ್ಷಿಕೆ ಅಥವಾ ಥಂಬ್‌ನೇಲ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಜನ ಯಾವ ಪದ ಟೈಪ್ ಮಾಡಿ ಬಂದರು ಎಂಬುದೂ ಅಲ್ಲೇ ಸಿಗುತ್ತದೆ. ಅದರಲ್ಲಿ ‘ಹಸಿ’, ‘ಗಟ್ಟಿ’ ಎಂಬ ಪದಗಳು ಮತ್ತೆ ಮತ್ತೆ ಕಂಡರೆ ಮುಂದಿನ ವಿಡಿಯೊದ ಶೀರ್ಷಿಕೆ ಸಿಕ್ಕಿತು.

ಶೀರ್ಷಿಕೆಯನ್ನು ಯಾವಾಗ ಬೇಕಾದರೂ ತಿದ್ದಬಹುದು, ಹುಕ್ ಹಾಗಲ್ಲ. ಹಾಕಿದ ವಿಡಿಯೊದ ಮೊದಲ ಭಾಗವನ್ನು ಸ್ಟುಡಿಯೊದಲ್ಲಿ ಕತ್ತರಿಸಬಹುದೇ ಹೊರತು ಹೊಸ ದೃಶ್ಯ ಸೇರಿಸಲಾಗದು. ಆದ್ದರಿಂದ ಬಿರುಕಿನ ಉಂಡೆಯನ್ನು ಅವತ್ತೇ ಮಾಡಿಕೊಳ್ಳಬೇಕು. ತರಿ ಬೆಂದ ಕೂಡಲೇ ಎರಡು ಉಂಡೆಗಾಗುವಷ್ಟು ಹಿಟ್ಟು ಬೇರೆ ತೆಗೆದು, ಮುಚ್ಚದೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಿ. ಉಳಿದದ್ದನ್ನು ಬಿಸಿಯಲ್ಲೇ ಕಟ್ಟಿ. ಆರಿದ್ದನ್ನೂ ಒದ್ದೆ ಕೈಯಲ್ಲೇ ಕಟ್ಟಿ, ಅದೇ ಪಾತ್ರೆಯಲ್ಲಿ ಗುರುತಿಟ್ಟು ಒಂದು ಮೂಲೆಗೆ ಕೂರಿಸಿ. ಒಂದೇ ಹಬೆಯಲ್ಲಿ ಬೆಂದರೆ ಮಾತ್ರ ಬಿಸಿಯೊಂದೇ ವ್ಯತ್ಯಾಸ ಎಂದು ಹೇಳಿದ್ದು ನಿಜವಾಗುತ್ತದೆ. ಎರಡರಲ್ಲಿ ಒಂದು ಬಿರುಕು ಬಿಡದೆ ಹೋಗಬಹುದು, ಅದಕ್ಕೇ ಎರಡು ಕಟ್ಟಲು ಹೇಳಿದ್ದು.