ಬ್ಯಾಟರಿ ಸೇವರ್ ನೆಟ್ಟಗೆ ಮಾಡಿದ ಬೆಟ್ಟದ ದಾರಿ

ಚಿಕ್ಕಮಗಳೂರಿನ ನಮ್ಮ ಮೊಬೈಲ್ ಸರ್ವಿಸ್ ಅಂಗಡಿಗೆ "ಜಿಪಿಎಸ್ ಕೆಟ್ಟಿದೆ" ಅಂತ ಬರುವ ಎಷ್ಟೋ ಫೋನ್‌ಗಳು ಕೆಟ್ಟಿರುವುದೇ ಇಲ್ಲ. ಬ್ಯಾಟರಿ ಸೇವರ್ ಆನ್ ಆಗಿರುತ್ತದೆ, ಅಷ್ಟೇ.

ಟ್ರೆಕ್ಕಿಂಗ್‌ಗೆ ಜನರನ್ನು ಕರೆದುಕೊಂಡು ಹೋಗುವ ಹುಡುಗನೊಬ್ಬ ಮೊನ್ನೆ ಆಂಡ್ರಾಯ್ಡ್ ಫೋನ್ ತಂದಿದ್ದ. ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದ್ದನ್ನು ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದ್ದ. ಅಷ್ಟೊಂದು ಸುತ್ತುವ ದಾರಿ ಮ್ಯಾಪ್‌ನಲ್ಲಿ ನಾಲ್ಕೈದು ನೇರ ಗೆರೆಯಾಗಿತ್ತು. "ಮೇಲೆ ಟವರ್ ಸಿಗಲ್ಲ, ಅದಕ್ಕೇ ಅಲ್ವಾ ಸಾರ್?" ಅಂದ.

ಅಲ್ಲ. ಜಿಪಿಎಸ್‌ಗೆ ಬೇಕಿರುವುದು ಉಪಗ್ರಹದ ಸಿಗ್ನಲ್. ಟವರ್ ಹೋದರೆ ಲೈವ್ ಲೊಕೇಶನ್ ಮನೆಯವರಿಗೆ ತಲುಪುವುದಿಲ್ಲ, ಆದರೆ ಫೋನಿನೊಳಗಿನ ರೆಕಾರ್ಡ್‌ನಲ್ಲಿ ತಿರುವುಗಳೆಲ್ಲ ಉಳಿದಿರುತ್ತವೆ. ಇಲ್ಲಿ ರೆಕಾರ್ಡೇ ತುಂಡಾಗಿತ್ತು. ಗೆರೆಗಳು ಸೇರುವ ಜಾಗದ ಸಮಯವನ್ನು ಗ್ಯಾಲರಿಯ ಫೋಟೊಗಳ ಸಮಯದ ಜೊತೆ ಹೋಲಿಸಿ ನೋಡಿದೆವು. ಎರಡೂ ಒಂದೇ! ಫೋಟೊ ತೆಗೆಯಲು ಸ್ಕ್ರೀನ್ ಆನ್ ಮಾಡಿದಾಗ ಮಾತ್ರ ಫೋನ್ ತಾನೆಲ್ಲಿದ್ದೇನೆಂದು ಗುರುತು ಹಾಕಿಕೊಂಡಿದೆ. ಜೇಬಿಗೆ ಹಾಕಿದ ಕೂಡಲೇ ನಿಲ್ಲಿಸಿದೆ. ಆ್ಯಪ್ ಆ ಚುಕ್ಕಿಗಳನ್ನು ಸುಮ್ನೆ ಗೆರೆ ಎಳೆದು ಸೇರಿಸಿದೆ.

ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೇವರ್ ಮಾಡುವುದೇ ಇದು. ಸ್ಕ್ರೀನ್ ಆಫ್ ಇದ್ದಾಗ ಲೊಕೇಶನ್‌ಗೆ ಕಡಿವಾಣ ಹಾಕುತ್ತದೆ, ಹಿಂದೆ ಓಡುವ ಆ್ಯಪ್‌ಗಳ ಇಂಟರ್ನೆಟ್ ತಡೆಯುತ್ತದೆ. ಹಾಗಾಗಿ ಮೇಲ್ ತಡವಾಗಿ ಬರುತ್ತದೆ. ಕರೆ, ಎಸ್‌ಎಂಎಸ್, ಅಲಾರಂಗೆ ಏನೂ ಆಗುವುದಿಲ್ಲ.

ಐಫೋನಿನ ಲೋ ಪವರ್ ಮೋಡ್ ಬೇರೆ ಥರ. ಅಲ್ಲಿ ಸ್ಕ್ರೀನ್ 30 ಸೆಕೆಂಡಿಗೇ ಲಾಕ್ ಆಗುತ್ತದೆ, ಫೋಟೊಗಳು ಐಕ್ಲೌಡ್‌ಗೆ ಹೋಗುವುದು ನಿಲ್ಲುತ್ತದೆ. ಚಾರ್ಜ್ 80% ತಲುಪಿದರೆ ಅದೇ ಆಫ್ ಆಗುತ್ತದೆ.

ಸೇವರ್ ಇಲ್ಲದಿದ್ದರೆ ಚಾರ್ಜ್ ಮುಗಿದೀತು ಎಂಬ ನಮ್ಮ ಹುಡುಗನ ಚಿಂತೆಯೂ ನ್ಯಾಯವೇ. ಬೆಟ್ಟದಲ್ಲಿ ಚಾರ್ಜ್ ಬೇಗ ಇಳಿಯುತ್ತದೆ. ಆದರೆ ಅಲ್ಲಿ ಜಾಸ್ತಿ ತಿನ್ನುವುದು ಟವರ್ ಹುಡುಕಾಟ. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಟವರ್ ಮುಟ್ಟಲು ನೋಡುತ್ತದೆ. ವಿಚಿತ್ರ ನೋಡಿ, ಸೇವರ್ ಇದನ್ನು ಮುಟ್ಟುವುದೇ ಇಲ್ಲ!

ಅದನ್ನು ನಿಲ್ಲಿಸುವುದು ಏರ್‌ಪ್ಲೇನ್ ಮೋಡ್. ಈಗಿನ ಫೋನ್‌ಗಳಲ್ಲಿ ಅದನ್ನು ಹಾಕಿದರೂ ಜಿಪಿಎಸ್ ನಡೆಯುತ್ತದೆ. ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು: ಊರಲ್ಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೋ. ಸೇವರ್ ತಾನಾಗಿ ಆನ್ ಆಗುವ ಶೆಡ್ಯೂಲ್ ತೆಗೆದುಬಿಡು. ರೆಕಾರ್ಡ್ ಮಾಡುವ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ ಅನ್ನು 'ಅನ್‌ರಿಸ್ಟ್ರಿಕ್ಟೆಡ್'ಗೆ ಇಡು. ಹತ್ತಲು ಶುರು ಮಾಡುವಾಗ ಏರ್‌ಪ್ಲೇನ್ ಮೋಡ್ ಹಾಕು. ಆಗ ಯಾರ ಕರೆಯೂ ಬರುವುದಿಲ್ಲ ಅಂತ ಗುಂಪಿನವರಿಗೆ ಮೊದಲೇ ತಿಳಿಸು, ಸಿಗ್ನಲ್ ಇರುವ ಜಾಗ ಬಂದಾಗ ಐದು ನಿಮಿಷ ತೆಗೆದು ನೋಡಿಕೋ.