ಕಪಾಟಿನ ಫೋಟೊದಲ್ಲಿ ಇಲ್ಲದ ಈರುಳ್ಳಿ

ಅಡುಗೆಮನೆಯ ಕಪಾಟಿನ ಒಂದು ಫೋಟೊ. ಜೊತೆಗೆ ‘ಏನು ಅಡುಗೆ ಮಾಡಬಹುದು?’ ಎಂಬ ಒಂದೇ ಸಾಲು. ಚಿತ್ರ ನೋಡಿ ಉತ್ತರ ಕೊಡುವ ಎಐ ಮಾದರಿಗೆ ಸಿಗುವುದು ಇಷ್ಟೇ. ಅಡುಗೆಗಳ ಬಗ್ಗೆ ಅದು ಬೇಕಾದಷ್ಟು ಕಲಿತಿರುತ್ತದೆ. ತೊಡಕು ಇರುವುದು ನೋಡುವುದರಲ್ಲಿ.

2023ರ ಲಾವಾ 1.5 ಎಂಬ ಮಾದರಿಯನ್ನೇ ತೆಗೆದುಕೊಳ್ಳಿ. ಅದು ಯಾವುದೇ ಫೋಟೊವನ್ನು ಮೊದಲು 336 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕಕ್ಕೆ ಕುಗ್ಗಿಸುತ್ತದೆ. ಆಮೇಲೆ 14 ಪಿಕ್ಸೆಲ್‌ನ ಚೂರುಗಳಾಗಿ ಕತ್ತರಿಸುತ್ತದೆ. ಒಟ್ಟು 576 ಚೂರು. ಮೊಬೈಲಿನ ಫೋಟೊ 4000 ಪಿಕ್ಸೆಲ್ ಅಗಲ ಇದ್ದರೆ ಅದು ಸುಮಾರು 12 ಪಟ್ಟು ಕುಗ್ಗಿತು ಅಂತಾಯಿತು. ಡಬ್ಬದ ಚೀಟಿಯಲ್ಲಿ 40 ಪಿಕ್ಸೆಲ್ ಎತ್ತರವಿದ್ದ ಅಕ್ಷರ ಈಗ ಮೂರೇ ಪಿಕ್ಸೆಲ್. ಅದನ್ನು ಓದುವುದು ಹೇಗೆ? ಈಚಿನ ಮಾದರಿಗಳು ದೊಡ್ಡ ಚಿತ್ರವನ್ನು ಭಾಗ ಭಾಗವಾಗಿ ನೋಡುತ್ತವೆ, ಹಾಗಾಗಿ ಎಷ್ಟೋ ವಾಸಿ. ಆದರೂ ಹಿಂದಿನ ಸಾಲಿನ ಡಬ್ಬ ಮುಂದಿನದರ ಮರೆಯಲ್ಲೇ ಇರುತ್ತದೆ.

ಕಾಣದ ಜಾಗವನ್ನು ಮಾದರಿ ಖಾಲಿ ಬಿಡುವುದಿಲ್ಲ, ಅಭ್ಯಾಸದಿಂದ ತುಂಬುತ್ತದೆ. ಅದು ಕಲಿತ ಲಕ್ಷಾಂತರ ಅಡುಗೆ ವಿಧಾನಗಳಲ್ಲಿ ಟೊಮೆಟೊ ಇದ್ದ ಕಡೆ ಬಹಳಷ್ಟು ಸಲ ಈರುಳ್ಳಿಯೂ ಇತ್ತು. ಹಾಗಾಗಿ ಫೋಟೊದಲ್ಲಿ ಟೊಮೆಟೊ ಕಂಡರೆ ಸಾಕು, ಈರುಳ್ಳಿಯೂ ಉತ್ತರಕ್ಕೆ ಬಂದುಬಿಡಬಹುದು. ಸದಾ ಜೊತೆಯಾಗಿ ಬರುವ ವಸ್ತುಗಳಲ್ಲೇ ಈ ತಪ್ಪು ಜಾಸ್ತಿ ಎಂದು 2023ರ ಪೋಪ್ ಎಂಬ ಪರೀಕ್ಷೆ ತೋರಿಸಿತು. ಚಿತ್ರದಲ್ಲಿ ಇಂಥದ್ದು ಇದೆಯೇ, ಇಲ್ಲವೇ ಎಂದು ಒಂದೊಂದನ್ನೇ ಕೇಳುವ ಪರೀಕ್ಷೆ ಅದು. ನೀವೂ ಹೀಗೆಯೇ ತಾಳೆ ನೋಡಬಹುದು. ಸಲಹೆಯಲ್ಲಿರುವ ಪ್ರತಿ ಪದಾರ್ಥವನ್ನೂ ಫೋಟೊದಲ್ಲಿ ಬೆರಳಿಟ್ಟು ತೋರಿಸಲು ಆಗುತ್ತದೆಯೇ ನೋಡಿ.

ಈಗ ಒಂದು ಕಪಾಟು ಊಹಿಸಿಕೊಳ್ಳಿ. ಪಾರದರ್ಶಕ ಜಾಡಿಯಲ್ಲಿ ಅಕ್ಕಿ, ಟೊಮೆಟೊದ ಎರಡು ಟಿನ್, ಒಂದು ಪೊಟ್ಟಣ ಕಡಲೆಕಾಳು, ಎಣ್ಣೆ, ಚೀಟಿಯಿಲ್ಲದ ಜಾಡಿಯಲ್ಲಿ ಏನೋ ಬಿಳಿ ಪುಡಿ. ಆ ಪುಡಿ ಮೈದಾ ಇರಬಹುದು, ಜೋಳದ ಹಿಟ್ಟು ಇರಬಹುದು, ಪುಡಿ ಸಕ್ಕರೆಯೂ ಇರಬಹುದು. ಬಣ್ಣ ನೋಡಿ ಹೇಳಲಾಗದು. ಒಳ್ಳೆಯ ಉತ್ತರ ಅದನ್ನು ಮುಟ್ಟದೆಯೇ ಶುರುವಾಗಬೇಕು: ಟೊಮೆಟೊ ಹಾಕಿದ ಅನ್ನ, ಕಡಲೆಕಾಳಿನ ದಪ್ಪ ಸೂಪು. ಕಾಳು ಒಣಗಿದ್ದು, ಎಂಟು ಗಂಟೆಯಾದರೂ ನೆನೆಯಬೇಕು, ಆದ್ದರಿಂದ ಸೂಪು ನಾಳೆಗೆ ಎಂದೂ ಹೇಳಬೇಕು. ಆಮೇಲೆ ‘ಪುಡಿ ಮೈದಾ ಆಗಿದ್ದರೆ ರೊಟ್ಟಿಯೂ ಆಗುತ್ತದೆ’ ಎಂಬ ಷರತ್ತಿನ ಮಾತು. ಕೊನೆಗೆ ಫ್ರಿಜ್‌ನಲ್ಲಿ ಏನಿದೆ ಎಂಬ ಒಂದು ಪ್ರಶ್ನೆ. ಮೊದಲೇ ಹತ್ತು ಪ್ರಶ್ನೆ ಕೇಳುವುದು ನನಗೆ ಸರಿ ಕಾಣದು. ಒಂದೇ ಸಾಲು ಬರೆದವರಿಗೆ ಹಸಿವಾಗಿರುತ್ತದೆ ಅಲ್ವಾ?

ಅಲರ್ಜಿಯ ಮಾತು ಮಾತ್ರ ಬೇರೆ. ಶೇಂಗಾ ಅಥವಾ ಹಾಲಿನ ಅಂಶ ಇದೆಯೇ ಎಂಬುದು ಸಾಮಾನ್ಯವಾಗಿ ಪೊಟ್ಟಣದ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಕಪಾಟಿನ ಫೋಟೊದಲ್ಲಿ ಕಾಣುವುದು ಮುಂಬದಿ. ಅಲ್ಲಿ ಶೇಂಗಾ ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲ ಎನ್ನುವಂತಿಲ್ಲ. ಪೊಟ್ಟಣವನ್ನು ಕೈಗೆ ತೆಗೆದುಕೊಂಡು, ಹಿಂದೆ ತಿರುಗಿಸಿ ನೀವೇ ಓದಬೇಕು.